ಮೊಟ್ಟೆಯನ್ನೂ ಮುಟ್ಟದವಳ ತಲೆಯಲ್ಲಿ ಹಂದಿಯ ಲಾಡಿಹುಳು: ಒಂದು ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇದು ಯಾವುದೋ ಒಬ್ಬ ರೋಗಿಯ ಫೈಲ್ ತೆಗೆದು ಬರೆದದ್ದಲ್ಲ. ಯಾರ ಗುರುತೂ ಸಿಗಬಾರದು ಅಂತ ಒಂದೇ ಥರದ ತೊಂದರೆ ಇದ್ದ ಕೆಲವರ ವಿವರ ಸೇರಿಸಿ ಒಬ್ಬಳನ್ನಾಗಿ ಮಾಡಿದ್ದೇನೆ. ಆದರೆ ರೋಗದ ನಡೆ, ಔಷಧಿಯ ಲೆಕ್ಕ, ಎಡವುವ ಜಾಗ ಎಲ್ಲ ನಿಜದಲ್ಲಿ ಇರುವ ಹಾಗೇ ಇವೆ.

28 ವರ್ಷದ ಹೆಂಗಸು. ತುಮಕೂರಿನ ಕಡೆಯ ಹಳ್ಳಿಯವಳು, ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ. ತೂಕ 50 ಕೆಜಿ. ಈ ತೂಕ ಮತ್ತು ಮಕ್ಕಳಿಲ್ಲ ಅನ್ನೋದು ಎರಡೂ ಆಮೇಲೆ ಮುಖ್ಯವಾಗುತ್ತವೆ.

ಒಂದು ಮಧ್ಯಾಹ್ನ ಮಿಷಿನ್ ಮುಂದೆ ಕೂತಿದ್ದಾಗ ಬಲಗೈ ಹೆಬ್ಬೆರಳು ತಾನಾಗೇ ಅದುರೋಕೆ ಶುರುವಾಯಿತು. ಎಡಗೈಯಲ್ಲಿ ಹಿಡಿದುಕೊಂಡಳು, ನಿಲ್ಲಲಿಲ್ಲ. ಅದುರು ಬೆರಳಿಂದ ಮಣಿಕಟ್ಟಿಗೆ, ಮೊಣಕೈಗೆ ಹತ್ತಿ ಬಾಯಿಯ ಬಲಮೂಲೆ ಎಳೆದುಕೊಂಡಿತು. ಅಲ್ಲಿಯವರೆಗೂ ಅವಳಿಗೆ ಪೂರ್ತಿ ಪ್ರಜ್ಞೆ ಇತ್ತು, ಪಕ್ಕದವಳನ್ನು ಕರೆಯೋಕೆ ನೋಡಿದಳು, ಮಾತು ಹೊರಡಲಿಲ್ಲ. ಆಮೇಲೆ ಏನಾಯಿತೋ ಅವಳಿಗೆ ಗೊತ್ತಿಲ್ಲ. ನೋಡಿದವರು ಹೇಳಿದ ಪ್ರಕಾರ ಮೈಯೆಲ್ಲ ಸೆಟೆದು ಎರಡು ನಿಮಿಷ ಒದ್ದಾಡಿದಳು. ಯಾರೋ ಬೀಗದ ಕೈ ಗೊಂಚಲು ತಂದು ಅಂಗೈಗೆ ಒತ್ತಿದರು. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತೆ ಅನ್ನೋ ನಂಬಿಕೆ ನಮ್ಮಲ್ಲಿ ಹೋಗಿಲ್ಲ. ಎರಡು ಮೂರು ನಿಮಿಷಕ್ಕೆ ಬಹಳಷ್ಟು ಫಿಟ್ಸ್ ತಾನಾಗೇ ನಿಲ್ಲುತ್ತದೆ, ಹೆಸರು ಕಬ್ಬಿಣಕ್ಕೆ ಬರುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ಹಾಕದೆ, ಗಡಿಯಾರ ನೋಡಿದ್ದರೆ ಸಾಕಿತ್ತು.

ಎಚ್ಚರವಾದ ಮೇಲೂ ಬಲಗೈ ಒಂದೆರಡು ಗಂಟೆ ಸೋತಂತೆ ಇತ್ತು. ನರರೋಗ ನೋಡುವವರಿಗೆ ಇಷ್ಟು ಕೇಳಿದರೇ ಅರ್ಧ ವಿಷಯ ತಿಳಿಯುತ್ತದೆ. ಹೆಬ್ಬೆರಳಿಂದ ಶುರುವಾಗಿ ಮೇಲೆ ಹತ್ತಿದ ಅದುರು ಅಂದರೆ ಮಿದುಳಿನ ಎಡಭಾಗದಲ್ಲಿ, ಕೈಯನ್ನು ಆಡಿಸುವ ಜಾಗದ ಹತ್ತಿರ ಏನೋ ಕೆರಳಿಸುತ್ತಿದೆ. 28ರ ವಯಸ್ಸಲ್ಲಿ ಮೊದಲ ಸಲ ಹೀಗೆ ಬಂದರೆ ಸ್ಕ್ಯಾನ್ ಮಾಡದೆ ಬಿಡುವ ಹಾಗಿಲ್ಲ.

ಊರಿನ ಆಸ್ಪತ್ರೆಯಲ್ಲಿ ಸಿ.ಟಿ. ಮಾಡಿಸಿದರು. ಎಡಭಾಗದಲ್ಲಿ 11 ಮಿಲಿಮೀಟರಿನ ಒಂದು ಉಂಗುರ, ಸುತ್ತ ಊತ. ಬಲ ಹಿಂಭಾಗದಲ್ಲಿ ಒಂದು ಸಣ್ಣ ಬಿಳಿ ಚುಕ್ಕೆ, ಸುಣ್ಣಗಟ್ಟಿದ್ದು. ರಿಪೋರ್ಟಿನ ಕೊನೆ ಸಾಲಲ್ಲಿ ‘ಟಿ.ಬಿ. ಗಂಟು ಅಥವಾ ನ್ಯೂರೋಸಿಸ್ಟಿಸರ್ಕೋಸಿಸ್ ಇರಬಹುದು’ ಅಂತ ಎರಡನ್ನೂ ಬರೆದಿದ್ದರು. ಫೆನಿಟಾಯಿನ್ ಮಾತ್ರೆ ಕೊಟ್ಟು, ದೊಡ್ಡ ಆಸ್ಪತ್ರೆಗೆ ತೋರಿಸಿ ಅಂತ ಚೀಟಿ ಬರೆದುಕೊಟ್ಟು ಕಳಿಸಿದರು.

ಅಪಾಯಿಂಟ್‌ಮೆಂಟ್ ಇದ್ದದ್ದು ಮುಂದಿನ ವಾರ. ಅಷ್ಟರಲ್ಲಿ ಅವಳ ಅಣ್ಣ ಆ ಉದ್ದದ ಹೆಸರನ್ನು ಮೊಬೈಲಲ್ಲಿ ಹುಡುಕಿದ. ಹುಳು ಅಂತ ಬಂತು. ಔಷಧಿ ಆಲ್ಬೆಂಡಜೋಲ್ ಅಂತಲೂ ಬಂತು. ಶಾಲೆಯಲ್ಲಿ ಮಕ್ಕಳಿಗೆ ಜಂತುಹುಳು ದಿನ ಅಂತ ಮಾಡಿ ಕೊಡೋ ಮಾತ್ರೆ ತಾನೇ, ಅದರಲ್ಲೇನಿದೆ ಅಂದುಕೊಂಡ. ಮೆಡಿಕಲ್ ಶಾಪಿಂದ 400 ಮಿಲಿಗ್ರಾಮಿನ ಮಾತ್ರೆ ತಂದು ದಿನಕ್ಕೆರಡರಂತೆ ಎರಡು ದಿನ ತಂಗಿಗೆ ಕೊಟ್ಟ. ಮೂರನೇ ದಿನ ಬೆಳಿಗ್ಗೆ ವಿಪರೀತ ತಲೆನೋವು, ಎರಡು ಸಲ ವಾಂತಿ, ಮತ್ತೆ ಫಿಟ್ಸ್. ನಮ್ಮಲ್ಲಿಗೆ ಬಂದದ್ದು ಆವತ್ತು.

ಮಾತ್ರೆಯಿಂದಲೇ ಎರಡನೇ ಫಿಟ್ಸ್ ಬಂತು ಅಂತ ಆಣೆ ಮಾಡಿ ಹೇಳೋಕಾಗಲ್ಲ. ಸ್ಕ್ಯಾನಲ್ಲಿ ಉಂಗುರವಾಗಿ ಕಂಡ ಆ ಹುಳುವಿನ ಗುಳ್ಳೆ ತಾನಾಗೇ ಸಾಯುತ್ತಿತ್ತು, ಮಾತ್ರೆ ಇಲ್ಲದಿದ್ದರೂ ಬರಬಹುದಿತ್ತು. ಆದರೆ ಸ್ಟೀರಾಯ್ಡ್ ಇಲ್ಲದೆ ಬರೀ ಹುಳದ ಮಾತ್ರೆ ತಿಂದರೆ ಎರಡನೇ ದಿನದಿಂದ ಐದನೇ ದಿನದೊಳಗೆ ಹೀಗಾಗುವುದು ನಮಗೆಲ್ಲ ಗೊತ್ತಿರುವ ವಿಷಯ. ಏಕೆ ಅಂತ ತಿಳಿಯಬೇಕಾದರೆ ಈ ಹುಳುವಿನ ಬದುಕನ್ನು ಸ್ವಲ್ಪ ನೋಡಬೇಕು.

ಅವಳ ತಾಯಿ ಕೇಳಿದ ಮೊದಲ ಪ್ರಶ್ನೆಯೂ ಈ ಹುಳುವಿನ ಬಗ್ಗೆಯೇ ಆಗಿತ್ತು. "ಡಾಕ್ಟ್ರೇ, ನಾವು ಮೊಟ್ಟೆನೂ ಮುಟ್ಟಲ್ಲ. ಹಂದಿ ಹುಳ ಅಂತೀರಲ್ಲ, ನನ್ನ ಮಗಳಿಗೆ ಹೇಗೆ ಬರುತ್ತೆ?" ಪ್ರಶ್ನೆಯಲ್ಲಿ ಅವಮಾನವೂ ಇತ್ತು. ಮಗಳು ಕದ್ದುಮುಚ್ಚಿ ಏನಾದರೂ ತಿಂದಳಾ ಅಂತ ಗಂಡನ ಮನೆಯವರು ಆಗಲೇ ಕೇಳಿಯಾಗಿತ್ತಂತೆ.

ಟೀನಿಯಾ ಸೋಲಿಯಂ ಅನ್ನೋ ಈ ಲಾಡಿಹುಳುವಿಗೆ ಎರಡು ದಾರಿ ಇವೆ. ಹುಳುವಿನ ಗುಳ್ಳೆ ಇರುವ ಹಂದಿಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಲ್ಲಿ ಅದು ಎರಡು ಮೂರು ಮೀಟರ್ ಉದ್ದದ ಹುಳುವಾಗಿ ಬೆಳೆಯುತ್ತದೆ. ಅವರಿಗೆ ಹೆಚ್ಚಿನ ಸಲ ತೊಂದರೆ ಗೊತ್ತೇ ಆಗುವುದಿಲ್ಲ. ಆದರೆ ಅವರ ಮಲದಲ್ಲಿ ಹುಳುವಿನ ತುಂಡುಗಳು ಉದುರುತ್ತಿರುತ್ತವೆ, ಒಂದೊಂದು ತುಂಡಿನಲ್ಲೂ ಸಾವಿರಗಟ್ಟಲೆ ಮೊಟ್ಟೆ. ಆ ಮೊಟ್ಟೆ ಇನ್ನೊಬ್ಬರ ಹೊಟ್ಟೆ ಸೇರುವುದು ಎರಡನೇ ದಾರಿ, ಮಿದುಳಿಗೆ ಹೋಗುವುದು ಇದೇ. ಮೊಟ್ಟೆ ಕರುಳಲ್ಲಿ ಒಡೆಯುತ್ತದೆ, ಒಳಗಿನ ಮರಿ ಕರುಳಿನ ಗೋಡೆ ಕೊರೆದು ರಕ್ತ ಸೇರುತ್ತದೆ, ರಕ್ತ ಎಲ್ಲಿಗೆ ಒಯ್ದರೆ ಅಲ್ಲಿ ಕೂತು ಗುಳ್ಳೆಯಾಗುತ್ತದೆ. ಮಾಂಸಖಂಡ, ಚರ್ಮದ ಕೆಳಗೆ, ಕಣ್ಣು, ಮಿದುಳು. ಹಂದಿಯ ಮೈಯಲ್ಲಿ ಆಗಬೇಕಾದದ್ದು ಮನುಷ್ಯನಲ್ಲಿ ಆಗುತ್ತದೆ.

ಹಾಗಾಗಿ ಇವಳು ತಿಂದದ್ದು ಮಾಂಸ ಅಲ್ಲ, ಯಾರದೋ ಮಲದ ಮೂಲಕ ಬಂದ, ಕಣ್ಣಿಗೆ ಕಾಣದ ಮೊಟ್ಟೆ. ಕೊಳಚೆ ನೀರಲ್ಲಿ ಬೆಳೆದ ಸೊಪ್ಪಿನಿಂದ ಬಂದಿರಬಹುದು, ಕೈ ತೊಳೆಯದೆ ಅಡುಗೆ ಮಾಡಿದವರಿಂದ ಬಂದಿರಬಹುದು. 1990ರ ಸುಮಾರಿಗೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಂಪ್ರದಾಯಸ್ಥ ಯಹೂದಿ ಕುಟುಂಬಗಳಲ್ಲಿ ಇದೇ ರೋಗ ಕಾಣಿಸಿಕೊಂಡಿತ್ತು. ಧರ್ಮದ ಪ್ರಕಾರ ಹಂದಿಯನ್ನು ಮುಟ್ಟದ ಜನ ಅವರು. ವಿಚಾರಿಸುತ್ತಾ ಹೋದಾಗ ಕೊಂಡಿ ಸಿಕ್ಕಿದ್ದು, ಲ್ಯಾಟಿನ್ ಅಮೆರಿಕದ ಕಡೆಯಿಂದ ಬಂದು ಮನೆಗೆಲಸ ಮಾಡುತ್ತಿದ್ದವರ ಕರುಳಿನ ಹುಳುವಿಗೆ. ಈ ಕಥೆ ಹೇಳಿದ ಮೇಲೆ ಆ ತಾಯಿಯ ಮುಖ ಸ್ವಲ್ಪ ಸಡಿಲವಾಯಿತು.

ಎಲೆಕೋಸಿನ ಹುಳ ತಲೆಗೆ ಏರುತ್ತೆ ಅಂತ ನಮ್ಮಲ್ಲಿ ಒಂದು ಮಾತಿದೆ, ಎಷ್ಟೋ ಮನೆಯಲ್ಲಿ ಅದಕ್ಕೇ ಕೋಸು ಬಿಟ್ಟಿದ್ದಾರೆ. ಕೋಸಿನಲ್ಲಿ ಕಾಣುವ ಆ ಹಸಿರು ಹುಳು ಪತಂಗದ ಮರಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹಾಗೇ ಇನ್ನೊಂದು ಕಡೆ, ಚೆನ್ನಾಗಿ ಬೆಂದ ಕೊಡಗಿನ ಪಂದಿ ಕರಿ ತಿಂದವರಿಗೆ ಅದರಿಂದ ಈ ಹುಳು ಬರುವುದಿಲ್ಲ. ಪೂರ್ತಿ ಬೆಂದ ಮಾಂಸದಲ್ಲಿ ಗುಳ್ಳೆ ಬದುಕಿರುವುದಿಲ್ಲ.

ಈಗ ಮಿದುಳಲ್ಲಿ ಕೂತ ಗುಳ್ಳೆಯ ವಿಷಯ. ಅದು ಬದುಕಿದ್ದಾಗ ಸುಮ್ನೆ ಇರುತ್ತದೆ. ನಮ್ಮ ದೇಹದ ಕಾವಲನ್ನು ಅದು ಮಂಕು ಮಾಡಿಟ್ಟಿರುತ್ತದೆ, ಹಾಗಾಗಿ ಊತ ಇಲ್ಲ, ಎಷ್ಟೋ ಸಲ ರೋಗಲಕ್ಷಣವೂ ಇಲ್ಲ. ಭಾರತದಿಂದ ವಾಪಸ್ ಹೋದ ಬ್ರಿಟಿಷ್ ಸೈನಿಕರನ್ನು ಹಿಂಬಾಲಿಸಿ ಮಾಡಿದ ಹಳೆಯ ಅಧ್ಯಯನಗಳಲ್ಲಿ, ಊರಿಗೆ ಮರಳಿ ವರ್ಷಗಟ್ಟಲೆ ಕಳೆದ ಮೇಲೆ ಫಿಟ್ಸ್ ಶುರುವಾದವರು ಬಹಳ ಜನ. ಗುಳ್ಳೆಗೆ ವಯಸ್ಸಾಗಿ ಅಥವಾ ಔಷಧಿಯಿಂದ ಸಾಯೋಕೆ ಶುರುವಾದಾಗ ಅದರ ಒಳಗಿನ ಸರಕು ಸೋರುತ್ತದೆ. ಆಗ ದೇಹ ಎಚ್ಚೆತ್ತು ಮುಗಿಬೀಳುತ್ತದೆ. ಸುತ್ತ ಊತ ಬರುತ್ತದೆ, ಸ್ಕ್ಯಾನಲ್ಲಿ ಉಂಗುರ ಕಾಣುತ್ತದೆ, ಫಿಟ್ಸ್ ಬರುತ್ತದೆ. ಕೊನೆಗೆ ಕೆಲವು ಪೂರ್ತಿ ಕರಗಿಹೋಗುತ್ತವೆ, ಕೆಲವು ಸುಣ್ಣಗಟ್ಟಿ ಚುಕ್ಕೆಯಾಗಿ ಉಳಿಯುತ್ತವೆ.

ಅಂದರೆ ಫಿಟ್ಸ್ ಬರಿಸುವುದು ಬಹುಪಾಲು ಹುಳುವಲ್ಲ, ಅದರ ಸಾವು. ಈ ರೋಗದಲ್ಲಿ ‘ಹುಳ ಕೊಂದರೆ ಆಯ್ತಲ್ಲ’ ಅನ್ನೋ ಮಾತು ಅಪಾಯದ್ದಾಗುವುದು ಇಲ್ಲೇ. ಯಾವ ಗುಳ್ಳೆ ಯಾವ ಹಂತದಲ್ಲಿದೆ ಅಂತ ತಿಳಿಯದೆ ಮಾತ್ರೆ ಕೊಡುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಆವತ್ತು ನಾವು ಮೊದಲು ಮಾಡಿದ್ದು ಆಲ್ಬೆಂಡಜೋಲ್ ನಿಲ್ಲಿಸಿದ್ದು. ಅವಳನ್ನು ಸೇರಿಸಿಕೊಂಡು, ಊತ ಇಳಿಸಲು ಸ್ಟೀರಾಯ್ಡ್ ಇಂಜೆಕ್ಷನ್ ಶುರುಮಾಡಿ, ಫೆನಿಟಾಯಿನ್ ಬದಲು ಲೆವಿಟಿರಾಸಿಟಾಮ್ 500 ಮಿಲಿಗ್ರಾಂ ದಿನಕ್ಕೆರಡು ಸಲ ಕೊಟ್ಟೆವು. ಬದಲಿಸಿದ್ದಕ್ಕೆ ಕಾರಣ ಇತ್ತು. ಫೆನಿಟಾಯಿನ್, ಕಾರ್ಬಮಜೆಪಿನ್ ಥರದ ಮಾತ್ರೆಗಳು ಲಿವರನ್ನು ಚುರುಕು ಮಾಡಿ ಆಲ್ಬೆಂಡಜೋಲಿನ ಶಕ್ತಿ ಕಡಿಮೆ ಮಾಡುತ್ತವೆ, ಮುಂದೆ ಅದನ್ನು ಕೊಡುವ ಯೋಚನೆ ನಮಗಿತ್ತು. ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೂ ಅವು ಕುಗ್ಗಿಸುತ್ತವೆ. ವಾಲ್ಪ್ರೊಯೇಟ್ ಕೊಡೋಣ ಅಂದರೆ ಮುಂದೆ ಮಗು ಬೇಕು ಅನ್ನುವ ಹೆಂಗಸಿಗೆ ಅದು ಬೇಡವೇ ಬೇಡ, ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಲೆವಿಟಿರಾಸಿಟಾಮಿನಲ್ಲಿ ಈ ಎರಡೂ ಕಿರಿಕಿರಿ ಕಡಿಮೆ. ಆದರೆ ಕೆಲವರಿಗೆ ಸಿಡುಕು ಬರುತ್ತದೆ, ಅದನ್ನು ಗಂಡನಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಇಲ್ಲದಿದ್ದರೆ ಮನೆಯಲ್ಲಿ ಜಗಳ ಆಗಿ ಮಾತ್ರೆ ಬಿಡುತ್ತಾರೆ.

ಮಾರನೇ ದಿನ ಎಂ.ಆರ್.ಐ. ಮಾಡಿಸಿದೆವು. ಎಡಗಡೆಯ ಉಂಗುರದ ಒಳಗೆ, ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಒಂದು ಬಿಳಿ ಚುಕ್ಕೆ ಇತ್ತು. ಅದು ಹುಳುವಿನ ತಲೆ. ಇದು ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ, ಟಿ.ಬಿ. ಗಂಟಿನಲ್ಲಿ ಹೀಗೆ ಇರುವುದಿಲ್ಲ. ಸಿ.ಟಿ.ಯಲ್ಲಿ ಕಾಣದ ಇನ್ನೊಂದೂ ಸಿಕ್ಕಿತು. ಮಿದುಳಿನ ಬಲಭಾಗದಲ್ಲಿ 9 ಮಿಲಿಮೀಟರಿನ ತೆಳು ಗೋಡೆಯ ಗುಳ್ಳೆ, ಸುತ್ತ ಊತವೇ ಇಲ್ಲ, ಒಳಗೆ ಅದೇ ಚುಕ್ಕೆ. ಅದು ಇನ್ನೂ ಬದುಕಿತ್ತು. ಸಿ.ಟಿ.ಯಲ್ಲಿ ಕಂಡ ಸುಣ್ಣದ ಚುಕ್ಕೆ ಎಂ.ಆರ್.ಐ.ನಲ್ಲಿ ಸರಿಯಾಗಿ ಕಾಣಲಿಲ್ಲ, ಅದು ಮಾಮೂಲಿ. ಅದಕ್ಕೇ ಎರಡೂ ಸ್ಕ್ಯಾನ್ ಬೇಕಾಗುತ್ತದೆ, ದುಡ್ಡು ಮಾಡೋಕೆ ಬರೆದಿದ್ದಾರೆ ಅಂತ ಜನ ಅಂದುಕೊಳ್ಳುತ್ತಾರೆ ಅಷ್ಟೇ.

ಹೀಗೆ ಒಂದೇ ತಲೆಯಲ್ಲಿ ಮೂರು ಗುಳ್ಳೆ. ಒಂದು ಬದುಕಿದೆ, ಒಂದು ಸಾಯುತ್ತಿದೆ, ಒಂದು ಯಾವಾಗಲೋ ಸತ್ತು ಕಲ್ಲಾಗಿದೆ.

ಟಿ.ಬಿ.ಯ ಮಾತು ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಸಿ.ಟಿ.ಯಲ್ಲಿ ಒಂದು ಸಣ್ಣ ಉಂಗುರ ಕಂಡರೆ ಟಿ.ಬಿ. ಅಂತಲೇ ತಿಳಿದು ತಿಂಗಳುಗಟ್ಟಲೆ ಟಿ.ಬಿ. ಮಾತ್ರೆ ಕೊಡುತ್ತಿದ್ದರು. ಉಂಗುರ ಮಾಯವಾದರೆ ಮಾತ್ರೆ ಕೆಲಸ ಮಾಡಿತು ಅಂತ ಲೆಕ್ಕ. ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಜೊತೆಗಾರರು ಅಂಥ ಉಂಗುರಗಳನ್ನು ಆಪರೇಷನ್ ಮಾಡಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹೆಚ್ಚಿನವು ಲಾಡಿಹುಳುವಿನ ಗುಳ್ಳೆಗಳಾಗಿದ್ದವು, 1989ರಲ್ಲಿ ಅದನ್ನು ಪ್ರಕಟಿಸಿದರು. ಆಮೇಲೆ ಅವರೇ ಒಂದು ಅಳತೆಗೋಲು ಕೊಟ್ಟರು. ಒಂದೇ ಉಂಗುರ, 20 ಮಿಲಿಮೀಟರಿಗಿಂತ ಚಿಕ್ಕದು, ಮಿದುಳನ್ನು ಪಕ್ಕಕ್ಕೆ ತಳ್ಳುವಷ್ಟು ಊತ ಇಲ್ಲ, ರೋಗಿಗೆ ಕೈಕಾಲು ಶಕ್ತಿ ದಿನೇದಿನೇ ಕುಗ್ಗುತ್ತಿಲ್ಲ, ತಲೆಯೊಳಗಿನ ಒತ್ತಡ ಏರಿಲ್ಲ, ಮೈಯಲ್ಲಿ ಬೇರೆಲ್ಲೂ ಟಿ.ಬಿ.ಯಂಥ ಕಾಯಿಲೆ ಇಲ್ಲ. ಇಷ್ಟಿದ್ದರೆ ಆಪರೇಷನ್ ಬೇಡ, ಟಿ.ಬಿ. ಮಾತ್ರೆಯೂ ಬೇಡ, ಇದು ಲಾಡಿಹುಳುವಿನ ಗುಳ್ಳೆ ಅಂತ ತಿಳಿದು ಕಾದು ನೋಡಿ. ಇವಳ ವಿಷಯದಲ್ಲಿ ಹುಳುವಿನ ತಲೆಯೇ ಕಂಡಿದ್ದರಿಂದ ಅಷ್ಟು ದೂರ ಹೋಗಬೇಕಾಗಲಿಲ್ಲ.

ರಕ್ತ ಪರೀಕ್ಷೆ ಮಾಡಿದರೆ ಗೊತ್ತಾಗಲ್ವಾ ಅಂತ ಅಣ್ಣ ಕೇಳಿದ. ಒಂದೆರಡೇ ಗುಳ್ಳೆ ಇದ್ದಾಗ ಒಳ್ಳೆಯ ಪರೀಕ್ಷೆಯೂ ಎಷ್ಟೋ ಸಲ ನೆಗೆಟಿವ್ ಬರುತ್ತದೆ. ನೆಗೆಟಿವ್ ಬಂದರೆ ಕಾಯಿಲೆ ಇಲ್ಲ ಅಂತ ಅರ್ಥ ಅಲ್ಲ. ಹಾಗಾಗಿ ಮಾಡಿಸಲಿಲ್ಲ.

ಈಗ ಬದುಕಿರುವ ಗುಳ್ಳೆಗೆ ಮಾತ್ರೆ ಕೊಡಬೇಕಾ? ಕೊಡಬೇಕು ಅಂತಲೇ ತೀರ್ಮಾನಿಸಿದೆವು. ಪೆರು ದೇಶದಲ್ಲಿ 120 ಜನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬದುಕಿರುವ ಗುಳ್ಳೆ ಇದ್ದವರಿಗೆ ಆಲ್ಬೆಂಡಜೋಲನ್ನು ಸ್ಟೀರಾಯ್ಡ್ ಜೊತೆ ಕೊಟ್ಟಾಗ ಮೈಪೂರ್ತಿ ಹರಡುವ ಫಿಟ್ಸ್ ಕಡಿಮೆಯಾಯಿತು. ಆದರೆ ಕೊಡುವ ಮೊದಲು ಕೆಲವನ್ನು ನೋಡಲೇಬೇಕು, ಇದರಲ್ಲಿ ಒಂದನ್ನು ಬಿಟ್ಟರೂ ಲಾಭಕ್ಕಿಂತ ನಷ್ಟ ಜಾಸ್ತಿ ಆಗಬಹುದು.

ಮೊದಲನೆಯದು ಕಣ್ಣು. ನೇತ್ರತಜ್ಞರು ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಹಾಕಿ ಒಳಗಡೆ ನೋಡಿದರು. ಕಣ್ಣೊಳಗೆ ಗುಳ್ಳೆ ಇದ್ದು ನಾವು ಅದನ್ನು ಮಾತ್ರೆಯಿಂದ ಸಾಯಿಸಿದರೆ ಆಗುವ ಉರಿಯೂತಕ್ಕೆ ದೃಷ್ಟಿಯೇ ಹೋಗಬಹುದು. ಅಂಥವರಿಗೆ ಮೊದಲು ಕಣ್ಣಿನ ಆಪರೇಷನ್. ಅದೇ ಪರೀಕ್ಷೆಯಲ್ಲಿ ಕಣ್ಣಿನ ನರ ಊದಿದೆಯಾ ಅಂತಲೂ ಗೊತ್ತಾಗುತ್ತದೆ, ಊದಿದ್ದರೆ ತಲೆಯೊಳಗೆ ಒತ್ತಡ ಏರಿದೆ ಅಂತ. ಇವಳಿಗೆ ಎರಡೂ ಇರಲಿಲ್ಲ. ಅಣ್ಣ ಕೊಟ್ಟ ಆ ನಾಲ್ಕು ಮಾತ್ರೆ ಕಣ್ಣು ನೋಡದೆ ಕೊಟ್ಟದ್ದು, ನಿಜಕ್ಕೂ ಅದೃಷ್ಟ ಚೆನ್ನಾಗಿತ್ತು.

ಎರಡನೆಯದು ಎಂ.ಆರ್.ಐ.ನಲ್ಲೇ ನೋಡಬೇಕಾದ್ದು, ಮಿದುಳಿನ ನೀರು ಹರಿಯುವ ಕೋಣೆಗಳಲ್ಲಿ ಗುಳ್ಳೆ ಇದೆಯಾ, ನೀರು ಕಟ್ಟಿಕೊಂಡಿದೆಯಾ ಅಂತ. ಅಲ್ಲಿದ್ದರೆ ಸಾಧ್ಯವಾದ ಕಡೆ ನ್ಯೂರೋಸರ್ಜನ್ ಎಂಡೋಸ್ಕೋಪಿಯಿಂದ ತೆಗೆಯುತ್ತಾರೆ. ಇನ್ನು ಕೆಲವರ ಮಿದುಳಲ್ಲಿ ನೂರಾರು ಗುಳ್ಳೆ ಒಟ್ಟಿಗೆ ಊದಿಕೊಂಡಿರುತ್ತವೆ, ಎಳೆಯ ವಯಸ್ಸಿನವರಲ್ಲಿ ಮತ್ತು ಹೆಂಗಸರಲ್ಲಿ ಇದು ಜಾಸ್ತಿ. ಅವರಿಗೆ ಹುಳದ ಮಾತ್ರೆ ಕೊಟ್ಟರೆ ಜೀವಕ್ಕೇ ಸಂಚಕಾರ. ಅಲ್ಲಿ ಸ್ಟೀರಾಯ್ಡ್ ಒಂದೇ, ಊತ ಇಳಿಸುವುದೊಂದೇ ಕೆಲಸ.

ಮೂರನೆಯದು ಗರ್ಭ ಪರೀಕ್ಷೆ. ಆಲ್ಬೆಂಡಜೋಲನ್ನು ಗರ್ಭದ ಮೊದಲ ತಿಂಗಳುಗಳಲ್ಲಿ ಕೊಡುವುದಿಲ್ಲ. ಅವಳದು ನೆಗೆಟಿವ್ ಬಂತು, ಕೋರ್ಸ್ ಮುಗಿದು ಒಂದು ತಿಂಗಳವರೆಗೂ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಿ ಅಂತ ಇಬ್ಬರನ್ನೂ ಕೂರಿಸಿ ಹೇಳಿದೆವು. ಜೊತೆಗೆ ಸಕ್ಕರೆ, ಲಿವರ್, ರಕ್ತಕಣ, ಎದೆ ಎಕ್ಸ್‌ರೇ ನೋಡಿದೆವು. ಸ್ಟೀರಾಯ್ಡ್ ಕೊಟ್ಟಾಗ ಒಳಗೆ ಮಲಗಿದ್ದ ಟಿ.ಬಿ. ಏಳಬಹುದು. ಹಾಗೇ ಸ್ಟ್ರಾಂಗೈಲಾಯ್ಡಿಸ್ ಅನ್ನೋ ಇನ್ನೊಂದು ಸಣ್ಣ ಹುಳು ಸ್ಟೀರಾಯ್ಡ್ ಸಿಕ್ಕಿದರೆ ಮೈಯೆಲ್ಲ ಹರಡಬಲ್ಲದು, ಅದಕ್ಕೂ ಪರೀಕ್ಷೆ ಮಾಡಿಸಿದೆವು.

ಲೆಕ್ಕ ಹೀಗಿತ್ತು. ಆಲ್ಬೆಂಡಜೋಲ್ ಒಂದು ಕೆಜಿಗೆ ದಿನಕ್ಕೆ 15 ಮಿಲಿಗ್ರಾಂ, 50 ಕೆಜಿಗೆ 750. ಮಾತ್ರೆ 400ರದ್ದೇ ಸಿಗುವುದರಿಂದ ಬೆಳಿಗ್ಗೆ ಒಂದು, ರಾತ್ರಿ ಒಂದು, 10 ದಿನ. ಊಟದ ಜೊತೆಗೇ ತಿನ್ನಬೇಕು, ಊಟದಲ್ಲಿ ಸ್ವಲ್ಪ ಜಿಡ್ಡು ಇರಬೇಕು. ಖಾಲಿ ಹೊಟ್ಟೆಯಲ್ಲಿ ತಿಂದರೆ ಈ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದೇ ಇಲ್ಲ. ಅವಳ ತಾಯಿಗೆ ಅನ್ನಕ್ಕೆ ತುಪ್ಪ ಹಾಕಿ ಕೊಡಿ ಅಂದೆ, ಅದೊಂದು ಮಾತು ಅವರಿಗೆ ಬಹಳ ಹಿಡಿಸಿತು. ಬದುಕಿರುವ ಗುಳ್ಳೆ ಎರಡಕ್ಕಿಂತ ಜಾಸ್ತಿ ಇದ್ದಿದ್ದರೆ ಪ್ರಾಜಿಕ್ವಾಂಟೆಲ್ ಅನ್ನೋ ಎರಡನೇ ಔಷಧಿಯನ್ನೂ ಸೇರಿಸುತ್ತಿದ್ದೆವು. ಇಲ್ಲಿ ಬದುಕಿರುವುದೊಂದು, ಸಾಯುತ್ತಿರುವುದೊಂದು, ಒಂದೇ ಔಷಧಿ ಸಾಕು.

ಸ್ಟೀರಾಯ್ಡನ್ನು ಹುಳದ ಮಾತ್ರೆಗೂ ಮೊದಲೇ ಶುರುಮಾಡಿರಬೇಕು. ಊತ ಇಳಿದು ತಲೆನೋವು ಹೋದ ಮೇಲೆ ಇಂಜೆಕ್ಷನ್ ಬಿಡಿಸಿ ಪ್ರೆಡ್ನಿಸೋಲೋನ್ ಬೆಳಿಗ್ಗೆ 50 ಮಿಲಿಗ್ರಾಂ ಕೊಟ್ಟು, ಅದರ ಮೇಲೆ ಆಲ್ಬೆಂಡಜೋಲ್ ಕೊಟ್ಟೆವು. ಮಾತ್ರೆ ಒಂದೇ, ಅಣ್ಣ ಕೊಟ್ಟದ್ದೂ ಇಷ್ಟೇ ಪ್ರಮಾಣ, ವ್ಯತ್ಯಾಸ ಎಲ್ಲ ಮೊದಲು ನೋಡಿಕೊಂಡಿದ್ದರಲ್ಲಿ ಮತ್ತು ಸ್ಟೀರಾಯ್ಡಿನಲ್ಲಿ. ನಾಲ್ಕನೇ ದಿನ ತಲೆ ಸ್ವಲ್ಪ ಭಾರ ಅಂದಳು. ವಾಂತಿ ಇಲ್ಲ, ಕಣ್ಣಿನ ನರ ಸರಿಯಾಗಿತ್ತು, ಪ್ಯಾರಾಸಿಟಮಾಲ್‌ಗೆ ಹೋಯಿತು. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ಮನೆಯವರು ಗಾಬರಿ ಬೀಳಲಿಲ್ಲ. 10 ದಿನ ಆದ ಮೇಲೆ ಸ್ಟೀರಾಯ್ಡನ್ನು ಕೆಲವು ವಾರಗಳಲ್ಲಿ ಮೆಲ್ಲಗೆ ಇಳಿಸಿದೆವು. ಇದನ್ನು ದಿಢೀರ್ ನಿಲ್ಲಿಸಿದರೆ ಊತ ಮತ್ತೆ ಏರುತ್ತದೆ.

ಮನೆಯವರ ಮಲ ಪರೀಕ್ಷೆಯೂ ಮಾಡಿಸಿದೆವು. ಮನೆಯಲ್ಲೇ ಯಾರ ಕರುಳಲ್ಲಾದರೂ ಹುಳು ಇದ್ದರೆ ಮೊಟ್ಟೆ ಬರುತ್ತಲೇ ಇರುತ್ತದೆ ಅಲ್ವಾ. ಎಲ್ಲರದೂ ನೆಗೆಟಿವ್. ಸೂಕ್ಷ್ಮದರ್ಶಕದ ಪರೀಕ್ಷೆಯಲ್ಲಿ ತಪ್ಪಿಹೋಗುವುದು ಜಾಸ್ತಿ, ಆದ್ದರಿಂದ ಮಲದಲ್ಲಿ ಬಿಳಿ ಪಟ್ಟಿಯಂಥ ತುಂಡು ಯಾವಾಗಲಾದರೂ ಕಂಡಿದೆಯಾ ಅಂತ ಬಾಯಿಬಿಟ್ಟು ಕೇಳಬೇಕು. ಯಾರೂ ಕಂಡಿಲ್ಲ ಅಂದರು. ಮೂಲ ಸಿಗಲಿಲ್ಲ, ಹೆಚ್ಚಿನ ಸಲ ಸಿಗುವುದೂ ಇಲ್ಲ. ಮೊಟ್ಟೆ ಹೊಟ್ಟೆ ಸೇರಿ ಎಷ್ಟು ವರ್ಷವಾಯಿತೋ ಯಾರಿಗೆ ಗೊತ್ತು.

ಕೆಲಸದ ವಿಷಯ ಔಷಧಿಗಿಂತ ಕಷ್ಟವಾಯಿತು. ಫಿಟ್ಸ್ ಬಂದವಳನ್ನು ಮಿಷಿನ್ ಮೇಲೆ ಕೂರಿಸಲ್ಲ ಅಂತ ಕಾರ್ಖಾನೆಯವರು ಮನೆಗೇ ಕಳಿಸೋಕೆ ನೋಡಿದರು. ಸೂಜಿ, ಕಟಿಂಗ್, ಬಿಸಿ ಇಸ್ತ್ರಿ ಬೇಡ, ಚೆಕಿಂಗ್‌ನಲ್ಲಿ ಕೂರಬಹುದು, ರಾತ್ರಿ ಪಾಳಿ ಬೇಡ ಅಂತ ಸ್ಪಷ್ಟವಾಗಿ ಬರೆದುಕೊಟ್ಟೆ. ‘ವಿಶ್ರಾಂತಿ ಬೇಕು’ ಅಂತ ಬರೆದರೆ ಕೆಲಸ ಹೋಗುತ್ತದೆ. ಏನು ಮಾಡಬಹುದು ಅಂತ ಬರೆದರೆ ಕೆಲವು ಸಲ ಉಳಿಯುತ್ತದೆ, ಇವಳದು ಉಳಿಯಿತು. ಸ್ಕೂಟಿ ಓಡಿಸುವುದನ್ನು ಮಾತ್ರ ನಿಲ್ಲಿಸಿದಳು.

ಆರು ತಿಂಗಳಿಗೆ ಮತ್ತೆ ಎಂ.ಆರ್.ಐ. ಬಲಗಡೆಯ ಬದುಕಿದ್ದ ಗುಳ್ಳೆ ಪೂರ್ತಿ ಮಾಯ. ಎಲ್ಲರಲ್ಲೂ ಒಂದೇ ಕೋರ್ಸಿಗೆ ಹೀಗಾಗುವುದಿಲ್ಲ, ಉಳಿದರೆ ಇನ್ನೊಂದು ಕೋರ್ಸ್ ಕೊಡಬೇಕಾಗುತ್ತದೆ. ಎಡಗಡೆಯ ಉಂಗುರದ ಊತ ಹೋಗಿ ಸಣ್ಣ ಚುಕ್ಕೆ ಉಳಿದಿತ್ತು, ಸಿ.ಟಿ.ಯಲ್ಲಿ ನೋಡಿದರೆ ಅದು ಸುಣ್ಣಗಟ್ಟಿತ್ತು.

ಕೇಳೋಕೆ ಒಳ್ಳೆಯ ಸುದ್ದಿ. ಆದರೆ ಫಿಟ್ಸ್ ಮಾತ್ರೆ ಎಷ್ಟು ದಿನ ಅನ್ನೋದನ್ನು ತೀರ್ಮಾನಿಸುವುದು ಆ ಚುಕ್ಕೆಯೇ. ಒಂದೇ ಉಂಗುರ ಇದ್ದು ಅದು ಗುರುತಿಲ್ಲದೆ ಕರಗಿ, ಫಿಟ್ಸ್ ಒಂದೆರಡೇ ಸಲ ಬಂದಿದ್ದರೆ ಆರು ತಿಂಗಳ ಆಮೇಲೆ ಮಾತ್ರೆ ಇಳಿಸೋಕೆ ಯೋಚನೆ ಮಾಡಬಹುದು. ಸುಣ್ಣದ ಚುಕ್ಕೆ ಉಳಿದರೆ ಮತ್ತೆ ಬರುವ ಸಾಧ್ಯತೆ ಜಾಸ್ತಿ, ಫಿಟ್ಸ್ ಇಲ್ಲದೆ ಎರಡು ವರ್ಷ ಕಳೆಯಲಿ ಅಂತ ಹೇಳಿದೆ. ತಲೆಯಾಡಿಸಿದಳು.

ಹನ್ನೊಂದನೇ ತಿಂಗಳಿಗೆ ಮಾತ್ರೆ ತಾನೇ ಬಿಟ್ಟಳು. ಮಗು ಬೇಕಿತ್ತು, ಮಾತ್ರೆ ತಿಂತಾ ಇದ್ದರೆ ಮಗುವಿಗೆ ಏನಾದರೂ ಆಗುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ದರಂತೆ. ಮೂರು ವಾರಕ್ಕೆ ಬಲಗೈ ಹೆಬ್ಬೆರಳು ಮತ್ತೆ ಅದುರಿತು, ಈ ಸಲ ಮೊಣಕೈಗೆ ನಿಂತಿತು, ಪ್ರಜ್ಞೆ ಹೋಗಲಿಲ್ಲ. ಹತ್ತಿರದಲ್ಲಿ ಬೇರೆ ಕಡೆ ತೋರಿಸಿದಾಗ ಹೊಸದಾಗಿ ಎಂ.ಆರ್.ಐ. ಆಯಿತು, ಎಡಗಡೆಯ ಚುಕ್ಕೆಯ ಸುತ್ತ ಊತ. ಹುಳ ಮತ್ತೆ ಎದ್ದಿದೆ ಅಂತ ಒಂದು ತಿಂಗಳ ಆಲ್ಬೆಂಡಜೋಲ್ ಬರೆದುಕೊಟ್ಟರು. ಹಿಂದಿನ ಅನುಭವ ಇತ್ತಲ್ಲ, ಅಣ್ಣ ಈ ಸಲ ಮೆಡಿಕಲ್ ಶಾಪಿಗೆ ಹೋಗದೆ ಚೀಟಿ ಹಿಡಿದು ನಮ್ಮಲ್ಲಿಗೆ ಬಂದ.

ಹುಳ ಎದ್ದಿರಲಿಲ್ಲ. ಸುಣ್ಣಗಟ್ಟಿದ ಗುಳ್ಳೆಯಲ್ಲಿ ಜೀವ ಇರುವುದಿಲ್ಲ, ಆದರೆ ಅದರೊಳಗೆ ಉಳಿದ ಹುಳುವಿನ ಚೂರುಪಾರು ಆಗಾಗ ಹೊರಗೆ ಸಿಕ್ಕಿ ದೇಹ ಕೆರಳುತ್ತದೆ ಅಂತ ಕಾಣುತ್ತದೆ. ಸುತ್ತ ಊತ ಬರುತ್ತದೆ, ಕೆಲವು ವಾರಕ್ಕೆ ಇಳಿಯುತ್ತದೆ. ಸತ್ತದ್ದನ್ನು ಕೊಲ್ಲೋಕೆ ಮಾತ್ರೆ ಕೊಟ್ಟು ಪ್ರಯೋಜನ ಇಲ್ಲ. ಸ್ಟೀರಾಯ್ಡನ್ನೂ ಇಂಥ ಊತಕ್ಕೆ ಮಾಮೂಲಾಗಿ ಕೊಡುವುದಿಲ್ಲ, ಕೊಟ್ಟು ನಿಲ್ಲಿಸಿದಾಗ ಊತ ಮರುಕಳಿಸಿದ ಉದಾಹರಣೆಗಳಿವೆ. ಲೆವಿಟಿರಾಸಿಟಾಮನ್ನು ಮತ್ತೆ ಮೊದಲಿನ ಪ್ರಮಾಣದಲ್ಲೇ ಶುರುಮಾಡಿದೆವು, ಅಷ್ಟೇ.

ಒಂದು ಸ್ಕ್ಯಾನ್ ಕೈಗೆ ಸಿಕ್ಕಾಗ ಬೇರೆಯವರಿಗೆ ಹಳೆಯ ಸ್ಕ್ಯಾನ್ ಕಾಣುವುದಿಲ್ಲ, ಬರೀ ಊತ ಕಾಣುತ್ತದೆ. ತಪ್ಪು ಆಗುವುದು ಅಲ್ಲೇ. ಅದಕ್ಕೇ ಈಗ ಅವಳ ಹಳೇ ಸಿ.ಟಿ. ಫಿಲ್ಮಿನ ಮೇಲೆ ಚುಕ್ಕೆ ಎಲ್ಲಿದೆ ಅಂತ ಪೆನ್ನಲ್ಲಿ ಗುರುತು ಮಾಡಿ, ‘ಸುಣ್ಣಗಟ್ಟಿದ ಗುಳ್ಳೆ, ಹುಳದ ಮಾತ್ರೆ ಬೇಡ’ ಅಂತ ಡಿಸ್ಚಾರ್ಜ್ ಚೀಟಿಯ ಮೇಲ್ಭಾಗದಲ್ಲೇ ದೊಡ್ಡದಾಗಿ ಬರೆದುಕೊಟ್ಟಿದ್ದೇವೆ.

ಮಗುವಿನ ವಿಷಯ ಉಳಿಯಿತು. ಮಾತ್ರೆ ಬಿಟ್ಟು ಗರ್ಭ ಧರಿಸುವುದಕ್ಕಿಂತ ಮಾತ್ರೆ ಮೇಲೇ ಇದ್ದು ಧರಿಸುವುದು ಇವಳ ಮಟ್ಟಿಗೆ ಕಡಿಮೆ ಅಪಾಯದ್ದು. ಗರ್ಭಿಣಿಯಾಗಿದ್ದಾಗ ದೊಡ್ಡ ಫಿಟ್ಸ್ ಬಂದರೆ ತಾಯಿಗೂ ಮಗುವಿಗೂ ತೊಂದರೆ, ಲೆವಿಟಿರಾಸಿಟಾಮ್ ಈ ಗುಂಪಿನ ಮಾತ್ರೆಗಳಲ್ಲಿ ಮಗುವಿಗೆ ಹಾನಿ ಕಡಿಮೆ ಇರುವಂಥದ್ದು. ಫೋಲಿಕ್ ಆಸಿಡ್ ಈಗಿನಿಂದಲೇ ಶುರುವಾಗಿದೆ. ತಿಂಗಳು ತುಂಬುತ್ತಾ ಹೋದ ಹಾಗೆ ರಕ್ತದಲ್ಲಿ ಈ ಮಾತ್ರೆಯ ಪ್ರಮಾಣ ಇಳಿಯುತ್ತದೆ, ಆಗ ಡೋಸ್ ಏರಿಸಬೇಕಾಗಬಹುದು. ಆದ್ದರಿಂದ ಗರ್ಭ ನಿಂತದ್ದು ಗೊತ್ತಾದ ವಾರವೇ ಬಂದು ತೋರಿಸಬೇಕು ಅಂತ ಅವಳಿಗೂ ಗಂಡನಿಗೂ ಹೇಳಿಯಾಗಿದೆ. ಎರಡು ವರ್ಷದ ಲೆಕ್ಕ ಆ ಕೊನೆಯ ಅದುರಿನ ದಿನದಿಂದ ಮತ್ತೆ ಶುರು.